ನಮ್ಮ ಗುಂಡನಿಗೆ ವರ್ಷ ತುಂಬಿತು, ಬರ್ರಿ!

ಕಾಕಾ, ಕಾಕು, ಮಾಮಾ, ಅತ್ತಿ, ಗೆಳೆಯರೇ, ಮುತ್ಯಾ, ಆಯಿ,
ನಮ್ಮ ಗುಂಡನಿಗೆ ಒಂದು ವರ್ಷ, ಹಲ್ಲು ನಾಲ್ಕು, ದೊಡ್ಡ ಬಾಯಿ!
ಹೆಸರೇನೋ ಶಾಂತಕುಮಾರ, ಶಾಂತಿ ಮಾತ್ರ ಇಲ್ಲ,
ರಾತ್ರಿ ಎರಡಕ್ಕೆ ರಾಗ ತೆಗೆದರೆ ಏಳುತ್ತದೆ ಓಣಿಯೆಲ್ಲ!

ನಡೆಯಲು ಇನ್ನೂ ಬರುವುದಿಲ್ಲ, ಅಂಬೆಗಾಲಲ್ಲೇ ಓಟ,
ರಿಮೋಟು, ಚಪ್ಪಲಿ, ಅಪ್ಪನ ಮೂಗು, ಸಿಕ್ಕಿದ್ದೆಲ್ಲ ಊಟ!
ತೊಗರಿಬೇಳೆ ಡಬ್ಬಿ ಸುರುವಿ ಅಡುಗೆಮನೆಯೇ ಹೊಲ,
ಬೈದರೆ ಸುಮ್ನೆ ನಗುತ್ತಾನೆ, ಅದೇ ಅವನ ಬಲ!

ಏಪ್ರಿಲ್ 26, ರವಿವಾರ, ಸಂಜೆ ಆರೂವರೆಗೆ ಸರಿಯಾಗಿ,
(ಏಳೂವರೆಗೆ ಬರ್ತೀರಿ, ಗೊತ್ತು. ಬನ್ನಿ ಮನೆಮಂದಿ ಜೊತೆಯಾಗಿ.)
ಮಧ್ಯಾಹ್ನ ಕರೆದರೆ ನೀವೂ ಕೇಕೂ ಕರಗಿ ಹೋಗಬೇಕು,
ಕಲಬುರಗಿ ಬಿಸಿಲಲ್ಲಿ ಮೇಣದಬತ್ತಿಗೆ ಕಡ್ಡಿಪೆಟ್ಟಿಗೆ ಯಾಕೆ ಬೇಕು?

ಮನೆ ಎಲ್ಲಿ? ಅಪ್ಪನ ಕೆರೆ ದಾಟಿ, ಬೇವಿನ ಮರದ ಓಣಿ,
ಬಲೂನು ಕಟ್ಟಿದ ಹಸಿರು ಗೇಟು, ಗೋಡೆಗೆ ಒರಗಿದ ಏಣಿ.
ಊಟ ಮಾಳಿಗೆ ಮೇಲೆ. ಮೊಣಕಾಲು ನೋವಿದ್ದರೆ ಹೇಳಿ,
ಅಂಗಳದಲ್ಲೇ ಚಾಪೆ ಹಾಸಿ ಬಡಿಸುತ್ತೇವೆ, ತಾಳಿ!

ಕಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು,
ಹೋಳಿಗೆಗೆ ತುಪ್ಪ ಬೇಡ ಅಂದರೆ ಆಯಿ ಬರೆದಿಡ್ತಾರೆ ಹೆಸರು!
ಡಯೆಟ್ ಮಾಡುವ ಕಾಕುಗಳೇ, ಅವತ್ತೊಂದು ದಿನ ರಜಾ ಹಾಕಿ,
ಮಿರ್ಚಿ ಭಜಿಗೆ ತಡವಾದರೆ ಬರೀ ಪಾತ್ರೆಯಷ್ಟೇ ಬಾಕಿ!

ಉಡುಗೊರೆ ಬೇಡ, ಆಶೀರ್ವಾದ ಸಾಕು. ಪೀಪಿ ಮಾತ್ರ ತರಬೇಡಿ,
ತಂದವರ ಮನೆಗೇ ಗುಂಡನ್ನ ಕಳಿಸ್ತೀವಿ, ಆಮೇಲೆ ಬೈಯಬೇಡಿ!

ಇಂತಿ,
ನಿದ್ದೆಗೆಟ್ಟ ಅಪ್ಪ, ಅವ್ವ,
ಇಬ್ಬರನ್ನೂ ಕುಣಿಸುವ ಗುಂಡ