ಮಾಕ್ ಟೆಸ್ಟ್ ಪೇಪರ್ ಕೈಗೆ ಬಂದ ಮೇಲೆ

ಪ್ರೀತಿಯ ಮಕ್ಕಳೇ,

ಸೋಮವಾರ ಬರೆದ ಗಣಿತದ ಮಾಕ್ ಟೆಸ್ಟ್ ಪೇಪರ್‌ಗಳನ್ನು ಈ ಪತ್ರದ ಜೊತೆಗೇ ಕೊಡುತ್ತಿದ್ದೇನೆ. ಪೇಪರ್ ಸಿಕ್ಕ ತಕ್ಷಣ ನೀವು ಏನು ಮಾಡುತ್ತೀರಿ ಅಂತ ನನಗೆ ಗೊತ್ತು. ಅಂಕ ನೋಡುತ್ತೀರಿ, ಪಕ್ಕದವರಿಗೆ ಎಷ್ಟು ಬಂತು ಅಂತ ಇಣುಕುತ್ತೀರಿ, ನಾನು ಕೂಡಿದ್ದು ಸರಿ ಇದೆಯಾ ಅಂತ ಬೆರಳಿಟ್ಟು ಎಣಿಸುತ್ತೀರಿ. ಮಾಡಿ, ಅದರಲ್ಲಿ ತಪ್ಪೇನಿಲ್ಲ. ಕೂಡಿದ್ದು ತಪ್ಪಿದ್ದರೆ ತಂದು ತೋರಿಸಿ, ಸರಿ ಮಾಡಿಕೊಡುತ್ತೇನೆ. ಆದರೆ ಅಷ್ಟಕ್ಕೇ ಮಡಿಸಿ ಬ್ಯಾಗಿಗೆ ಹಾಕಿಬಿಡಬೇಡಿ.

ಈ ಸಲ ಒಂದು ಬದಲಾವಣೆ ಕಾಣಿಸುತ್ತದೆ. ತಪ್ಪಾದ ಕಡೆ ಅಂಕ ಕಳೆದಿದ್ದೇನೆ, ಸರಿ ಉತ್ತರ ಬರೆದಿಲ್ಲ. ಬೇಕೆಂದೇ ಬರೆದಿಲ್ಲ. ಸರಿ ಉತ್ತರ ಕಣ್ಣೆದುರಿಗೆ ಇದ್ದರೆ ಎಲ್ಲರಿಗೂ "ಅಯ್ಯೋ, ಇದು ಗೊತ್ತಿತ್ತು" ಅನ್ನಿಸುತ್ತದೆ. ನಿಜವಾಗಿ ಗೊತ್ತಿತ್ತೋ, ಓದಿದಾಗ ಗೊತ್ತಿದ್ದ ಹಾಗೆ ಅನ್ನಿಸಿತೋ ಅನ್ನುವುದು ಆಮೇಲೆ ತಿಳಿಯುವುದೇ ಇಲ್ಲ.

ಅದಕ್ಕೆ ಮೊದಲು ಇಷ್ಟು ಮಾಡಿ. ಪೇಪರ್ ಮುಚ್ಚಿಟ್ಟು, ಪ್ರಶ್ನೆಪತ್ರಿಕೆ ಮಾತ್ರ ಎದುರಿಗೆ ಇಟ್ಟುಕೊಂಡು, ಅಂಕ ಹೋದ ಪ್ರಶ್ನೆಗಳನ್ನು ಇನ್ನೊಮ್ಮೆ ಬಿಡಿಸಿ. ಪುಸ್ತಕ ಬೇಡ, ಗೈಡ್ ಬೇಡ, ಫ್ರೆಂಡ್‌ಗೆ ಫೋನೂ ಬೇಡ. ಕೆಲವು ಲೆಕ್ಕ ಈ ಸಲ ತಾನಾಗಿಯೇ ಸರಿ ಬರುತ್ತವೆ. ಕೆಲವು ಈಗಲೂ ಬರುವುದಿಲ್ಲ. ಈ ಎರಡಕ್ಕೂ ಬೇರೆ ಬೇರೆ ಮದ್ದು ಬೇಕು, ಬೆರೆಸಬೇಡಿ.

ಮೊದಲು, ತಾನಾಗಿ ಸರಿ ಬಂದವುಗಳ ಬಗ್ಗೆ. ಇವನ್ನು ನೀವೆಲ್ಲ "ಸಿಲ್ಲಿ ಮಿಸ್ಟೇಕ್" ಅಂತ ಹೇಳಿ ಕೈತೊಳೆದುಕೊಳ್ಳುತ್ತೀರಿ. ನನಗೆ ಆ ಮಾತು ಕೇಳಿದರೆ ಸ್ವಲ್ಪ ಸಿಟ್ಟೇ ಬರುತ್ತದೆ. ಹಾಗಂದುಬಿಟ್ಟರೆ ಏನಾಯಿತು ಅಂತ ಯಾರೂ ಹುಡುಕುವುದಿಲ್ಲ, ಅಲ್ವಾ? ಮುಂದಿನ ಟೆಸ್ಟಿನಲ್ಲಿ ಅದೇ ತಪ್ಪು ಮತ್ತೆ ಬರುತ್ತದೆ.

ನಮ್ಮ ಪೇಪರಿನ ವರ್ಗ ಸಮೀಕರಣವನ್ನೇ ನೋಡಿ: 2x² − 7x + 3 = 0. ಸುಮಾರು ಜನ ಸೂತ್ರ ಸರಿಯಾಗಿ ಬರೆದಿದ್ದೀರಿ. ಶೋಧಕ 49 − 24 = 25, ಅದೂ ಸರಿ. ಆದರೆ ಉತ್ತರ −1/2 ಮತ್ತು −3 ಅಂತ ಬಂದಿದೆ. ಎಲ್ಲಿ ಜಾರಿತು? ಸಾಲು ಸಾಲಾಗಿ ಕೆಳಗೆ ಬನ್ನಿ. ಸೂತ್ರದಲ್ಲಿ −b ಇದೆ. ಇಲ್ಲಿ b ಅಂದರೆ −7. ಹಾಗಾಗಿ −b ಅಂದರೆ 7. ಸೂತ್ರದ್ದೊಂದು ಮೈನಸ್, ಲೆಕ್ಕದ್ದೊಂದು ಮೈನಸ್, ಎರಡನ್ನೂ ನೋಡಿ ಒಂದನ್ನೇ ಬರೆದಿದ್ದೀರಿ. (7 ± 5)/4 ಆಗಬೇಕಾದದ್ದು (−7 ± 5)/4 ಆಯಿತು. ಸರಿ ಉತ್ತರ 3 ಮತ್ತು 1/2.

ಈಗ ಇದಕ್ಕೆ ನೋಟ್‌ಬುಕ್ಕಿನಲ್ಲಿ ಏನು ಬರೆಯುತ್ತೀರಿ? "ಇನ್ನು ಮುಂದೆ ಜಾಸ್ತಿ ಗಮನ ಕೊಡುತ್ತೇನೆ" ಅಂತ ಬರೆದರೆ ನಾನು ಒಪ್ಪುವುದಿಲ್ಲ. ಪರೀಕ್ಷೆಯ ಗಡಿಬಿಡಿಯಲ್ಲಿ ಗಮನ ಎಲ್ಲಿಂದ ಬರಬೇಕು? ಕೈ ಮಾಡಬಹುದಾದ ಒಂದು ಕೆಲಸ ಬರೆಯಿರಿ. "a = 2, b = −7, c = 3 ಅಂತ ಮೊದಲೇ ಬೇರೆ ಸಾಲಿನಲ್ಲಿ ಬರೆಯುತ್ತೇನೆ. ಸೂತ್ರಕ್ಕೆ ಹಾಕುವಾಗ −(−7) ಅಂತ ಬ್ರಾಕೆಟ್ ಹಾಕುತ್ತೇನೆ." ಇದು ಪರಿಹಾರ. ಬಂದ ಉತ್ತರವನ್ನು ಸಮೀಕರಣಕ್ಕೆ ಹಾಕಿ ನೋಡುವುದೂ ಅರ್ಧ ನಿಮಿಷದ ಕೆಲಸ: x = −3 ಹಾಕಿದರೆ 18 + 21 + 3 = 42. ಸೊನ್ನೆ ಬರಲಿಲ್ಲ ಅಂದರೆ ಎಲ್ಲೋ ಎಡವಟ್ಟಾಗಿದೆ.

ಸಿಲಿಂಡರ್ ಲೆಕ್ಕದಲ್ಲಿ ಆಗಿದ್ದು ಬೇರೆ ಥರ. ವ್ಯಾಸ 14 ಸೆಂ.ಮೀ., ಎತ್ತರ 10 ಸೆಂ.ಮೀ. ಅಂತ ಕೊಟ್ಟಿತ್ತು. ಘನಫಲ 1540 ಬರಬೇಕು, ಕೆಲವರಿಗೆ 6160 ಬಂದಿದೆ. ಸರಿಯಾಗಿ ನಾಲ್ಕು ಪಟ್ಟು. ವ್ಯಾಸವನ್ನೇ ತ್ರಿಜ್ಯ ಅಂದುಕೊಂಡರೆ r ಎರಡು ಪಟ್ಟಾಗುತ್ತದೆ, r² ನಾಲ್ಕು ಪಟ್ಟಾಗುತ್ತದೆ. ಇಲ್ಲಿ ಗುಣಾಕಾರದಲ್ಲಿ ಏನೂ ತಪ್ಪಿಲ್ಲ, ತಪ್ಪಿರುವುದು ಓದಿದ್ದರಲ್ಲಿ. ಪ್ರಶ್ನೆಯಲ್ಲಿ "ವ್ಯಾಸ" ಕಂಡ ಕೂಡಲೇ ಅಡಿಗೆರೆ ಎಳೆದು ಪಕ್ಕದಲ್ಲಿ r = 7 ಅಂತ ಬರೆದುಕೊಳ್ಳಿ.

ಇನ್ನು ಎರಡನೇ ಸಲವೂ ಬರದೇ ಇದ್ದ ಲೆಕ್ಕಗಳು. ಇಲ್ಲಿ ಉತ್ತರ ನೋಡಿ ನಕಲು ಮಾಡಿಕೊಂಡರೆ ಏನೂ ಸಿಗುವುದಿಲ್ಲ. ಆ ಪಾಠಕ್ಕೆ ವಾಪಸ್ ಹೋಗಿ, ಬಿಡಿಸಿ ತೋರಿಸಿರುವ ಒಂದು ಸುಲಭದ ಉದಾಹರಣೆ ಓದಿ, ಪುಸ್ತಕ ಮುಚ್ಚಿ ಅದನ್ನೇ ಬರೆದು ನೋಡಿ. ಆಮೇಲೆ ಟೆಸ್ಟಿನ ಪ್ರಶ್ನೆಗೆ ಬನ್ನಿ. ಎಲ್ಲಿ ನಿಂತಿತೋ ಆ ಸಾಲಿಗೆ ಗುರುತು ಹಾಕಿ ನನ್ನ ಹತ್ತಿರ ತನ್ನಿ. "ಮಿಸ್, ತ್ರಿಕೋನಮಿತಿ ಅರ್ಥ ಆಗಲ್ಲ" ಅಂದರೆ ಎಲ್ಲಿಂದ ಶುರು ಮಾಡಬೇಕು ಅಂತ ನನಗೆ ತಿಳಿಯುವುದಿಲ್ಲ. "ಈ ಸಾಲಿನಿಂದ ಆ ಸಾಲು ಹೇಗೆ ಬಂತು" ಅಂತ ಕೇಳಿದರೆ ಐದು ನಿಮಿಷದ ಕೆಲಸ.

ಟೈಮ್ ಸಾಲಲಿಲ್ಲ ಅಂದವರು ಪೇಪರಿನಲ್ಲಿ ಹೊಡೆದುಹಾಕಿದ ಜಾಗಗಳನ್ನು ಹುಡುಕಿ. ಎರಡು ಅಂಕದ ಪ್ರಶ್ನೆಗೆ ಒಂದು ಪುಟ ಬರೆದು, ಹೊಡೆದು, ಮತ್ತೆ ಬರೆದಿರುವವರು ಇದ್ದೀರಿ. ಕೊನೆಯ ನಾಲ್ಕು ಅಂಕದ ಪ್ರಶ್ನೆ ಖಾಲಿ ಉಳಿದದ್ದು ಆ ಪುಟದಿಂದ. ಕೈ ನಿಧಾನ ಅಂತ ಸುಮ್ನೆ ಬೈದುಕೊಳ್ಳಬೇಡಿ.

ಸರಿ ಬಂದ ಉತ್ತರಗಳನ್ನೂ ಒಮ್ಮೆ ನೋಡಿ. ಬಹು ಆಯ್ಕೆಯ ಪ್ರಶ್ನೆಗಳಲ್ಲಿ ಊಹೆ ಮಾಡಿ ಗುರುತು ಹಾಕಿದ್ದು ಯಾವುದು ಅಂತ ನಿಮಗೇ ಗೊತ್ತು. ಅಂಕ ಬಂದಿದೆ, ಇಟ್ಟುಕೊಳ್ಳಿ. ಆದರೆ ಲೆಕ್ಕಕ್ಕೆ ಅದನ್ನೂ ಬರದವುಗಳ ಸಾಲಿಗೇ ಸೇರಿಸಿ.

"ಖಂಡಿತ ಸರಿ" ಅಂದುಕೊಂಡು ಬರೆದು ತಪ್ಪಾದವು ಇದ್ದರೆ ಅವಕ್ಕೆ ನಕ್ಷತ್ರ ಹಾಕಿ. ಬಟರ್‌ಫೀಲ್ಡ್ ಮತ್ತು ಮೆಟ್ಕಾಫ್ ಎಂಬ ಮನೋವಿಜ್ಞಾನಿಗಳು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ವಿಚಿತ್ರ ಕಂಡುಬಂತು. ಅನುಮಾನದಿಂದ ಕೊಟ್ಟ ತಪ್ಪು ಉತ್ತರಕ್ಕಿಂತ, ಗಟ್ಟಿ ನಂಬಿಕೆಯಿಂದ ಕೊಟ್ಟ ತಪ್ಪು ಉತ್ತರವನ್ನು ತಿದ್ದಿ ಹೇಳಿದಾಗ ಸರಿಯಾದದ್ದು ಹೆಚ್ಚು ನೆನಪಿನಲ್ಲಿ ಉಳಿಯಿತು. ಆದರೆ ತಿದ್ದುವುದು ಆಗಲೇಬೇಕು. ಬಿಟ್ಟರೆ ನೀವು ತಪ್ಪನ್ನೇ ಸರಿ ಅಂತ ನಂಬಿಕೊಂಡಿರುತ್ತೀರಿ.

ನೋಟ್‌ಬುಕ್ಕಿಗೆ ಬಣ್ಣದ ಪೆನ್ನು, ಸ್ಟಿಕ್ಕರು ಏನೂ ಬೇಡ. ಒಂದು ತಪ್ಪಿಗೆ ಮೂರು ಮಾತು ಸಾಕು: ಯಾವ ಸಾಲಿನಲ್ಲಿ ತಪ್ಪಿತು, ಯಾಕೆ, ಮುಂದಿನ ಸಲ ಕೈಯಿಂದ ಏನು ಮಾಡುತ್ತೇನೆ. ಮೂರು ನಾಲ್ಕು ದಿನ ಬಿಟ್ಟು ಸಂಖ್ಯೆ ಬದಲಾಯಿಸಿ ಮತ್ತೆ ಬಿಡಿಸಿ. ಮೊದಲನೆಯದನ್ನು ನಾನೇ ಕೊಡುತ್ತೇನೆ: 3x² − 10x + 3 = 0. ಅವತ್ತೇ ಬಿಡಿಸಿದರೆ ನೆನಪಿನಿಂದ ಬರುತ್ತದೆ, ಅದಕ್ಕೇ ದಿನ ಬಿಡಿ ಅಂದದ್ದು.

ಅಂಕ ತುಂಬಾ ಕಮ್ಮಿ ಬಂದವರಿಗೆ ಒಂದು ಮಾತು. ಎಲ್ಲವನ್ನೂ ಈ ವಾರವೇ ಸರಿ ಮಾಡಲು ಹೋಗಬೇಡಿ. ಅರ್ಧಕ್ಕಿಂತ ಹೆಚ್ಚು ಅಂಕ ಬಂದೂ ಪೂರ್ತಿ ಬರದ ಮೂರು ಪ್ರಶ್ನೆ ಆರಿಸಿಕೊಳ್ಳಿ. ಅಲ್ಲಿ ಬೇಗ ಫಲ ಸಿಗುತ್ತದೆ. ಪೂರ್ತಿ ಖಾಲಿ ಬಿಟ್ಟ ಪ್ರಶ್ನೆಗಳನ್ನು ನಾವು ಕೂತು ಒಟ್ಟಿಗೆ ನೋಡೋಣ. ಮನೆಯಲ್ಲಿ ಅಂಕದ ಬಗ್ಗೆ ಕೇಳಿದರೆ ಈ ಪತ್ರವನ್ನೂ ತೋರಿಸಿ, ನಾನೇ ಹೇಳಿದೆ ಅನ್ನಿ.

ಶುಕ್ರವಾರ ಮೂರನೇ ಪೀರಿಯಡ್‌ಗೆ ಪೇಪರ್, ಪ್ರಶ್ನೆಪತ್ರಿಕೆ, ನೋಟ್‌ಬುಕ್ ಮೂರೂ ತನ್ನಿ. ಇಬ್ಬಿಬ್ಬರು ಕೂತು, ಒಬ್ಬರ ತಪ್ಪನ್ನು ಇನ್ನೊಬ್ಬರು ಯಾವ ಸಾಲಿನಲ್ಲಿದೆ ಅಂತ ಹುಡುಕಬೇಕು. ಅಂಕ ಬರೆದಿರುವ ಮೊದಲ ಪುಟವನ್ನು ಬೇಕಾದರೆ ಹಿಂದಕ್ಕೆ ಮಡಚಿಕೊಂಡು ಬನ್ನಿ.

ಇಂತಿ ನಿಮ್ಮ,
ಗಣಿತ ಮಿಸ್