ನಿರ್ಣಯ 4: ಕರಾರಿಗೆ ಸಹಿ ಹಾಕುವ ಅಧಿಕಾರ

ಮೂಡಿಗೆರೆಯ ನಮ್ಮ ಕಾಫಿ ಬೆಳೆಗಾರರ ಸಂಘದ ಇಂದಿನ ಸಭೆ, ಗೋದಾಮು ರಿಪೇರಿ ಮತ್ತು ಲಾರಿ ಬಾಡಿಗೆ ಕರಾರುಗಳಿಗೆ ಸಂಘದ ಪರವಾಗಿ ಸಹಿ ಹಾಕಲು ಕಾರ್ಯದರ್ಶಿ ಮತ್ತು ಖಜಾಂಚಿಗೆ ಅಧಿಕಾರ ಕೊಟ್ಟಿದೆ. ಇಬ್ಬರ ಸಹಿಯೂ ಇರಲೇಬೇಕು. ಒಬ್ಬರು ಊರಲ್ಲಿಲ್ಲದಿದ್ದರೆ ಹೇಗೆ ಎಂದು ಸದಸ್ಯರೊಬ್ಬರು ಕೇಳಿದರು. ಅವರು ಬರುವವರೆಗೆ ಕಾಯುವುದು, ಅಷ್ಟೇ.

ಒಂದು ಕರಾರಿನ ಮೊತ್ತ ₹2,00,000 ಮೀರಬಾರದು. ಎಲ್ಲ ಸೇರಿ ₹6,00,000ಕ್ಕಿಂತ ಜಾಸ್ತಿ ಆಗಬಾರದು. ಮಿತಿಯೊಳಗೆ ಕೂರಿಸಲು ಒಂದೇ ಕೆಲಸವನ್ನು ಎರಡು ಕರಾರು ಮಾಡುವಂತಿಲ್ಲ. ಸಾಲ, ಜಮೀನು, ಜಾಮೀನಿನ ಪತ್ರಗಳಿಗೆ ಈ ಅಧಿಕಾರ ಇಲ್ಲ. ಇದನ್ನು ಬೇರೆಯವರಿಗೆ ವಹಿಸುವಂತೆಯೂ ಇಲ್ಲ.

ಸಹಿಯಾದ ಕರಾರಿನ ಪ್ರತಿಯನ್ನು ಮುಂದಿನ ಸಭೆಯಲ್ಲಿ ಇಡಬೇಕು. ಅವಧಿ: 31 ಮಾರ್ಚ್ 2027ರವರೆಗೆ, ಸಭೆ ಬಯಸಿದರೆ ಮೊದಲೇ ಹಿಂಪಡೆಯಬಹುದು.

ಸರ್ವಾನುಮತದಿಂದ ಒಪ್ಪಲಾಯಿತು.