ಪದೇ ಪದೇ ಕಡಿತವಾಗುತ್ತಿರುವ ಇಂಟರ್ನೆಟ್ ಸಂಪರ್ಕದ ಬಗ್ಗೆ ದೂರು

ಸಾಗರ
14 ಜುಲೈ 2025

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,
ಸಾಗರ ಶಾಖೆ

ವಿಷಯ: ಜೂನ್ 24ರಿಂದ ಫೈಬರ್ ಸಂಪರ್ಕ 31 ಸಲ ಕಡಿತವಾಗಿರುವುದು, ಕಂಬದ ಮೇಲಿನ ಲೈನ್ ಪರೀಕ್ಷೆಗೆ ಕೋರಿಕೆ
ಗ್ರಾಹಕ ಸಂಖ್ಯೆ: 40721
ಹಿಂದಿನ ದೂರುಗಳ ಸಂಖ್ಯೆ: 5518 (ಜೂನ್ 27), 5604 (ಜುಲೈ 3), 5671 (ಜುಲೈ 8)

ಮಾನ್ಯರೇ,

ನಮ್ಮ ಮನೆ ಜೋಗ ರಸ್ತೆಯಲ್ಲಿ, ಊರು ದಾಟಿದ ಮೇಲೆ ಸಿಗುವ ಅಡಿಕೆ ತೋಟದ ಪಕ್ಕದಲ್ಲಿದೆ. ಕಳೆದ ನವೆಂಬರ್‌ನಿಂದ ನಿಮ್ಮ ಫೈಬರ್ ಸಂಪರ್ಕ ಬಳಸುತ್ತಿದ್ದೇವೆ. ಮೇ ತಿಂಗಳಲ್ಲಿ ಆರು ತಿಂಗಳ ಹಣ, ಜಿಎಸ್‌ಟಿ ಸೇರಿ 4,949 ರೂಪಾಯಿ, ಒಟ್ಟಿಗೇ ಕಟ್ಟಿದ್ದೇನೆ. ಬೇಸಿಗೆಯವರೆಗೂ ಸಂಪರ್ಕ ಚೆನ್ನಾಗಿತ್ತು. ಆರಿದ್ರಾ ಮಳೆ ಹಿಡಿದ ಮೇಲೆ ತೊಂದರೆ ಶುರುವಾಯಿತು, ಈಗ ಪುನರ್ವಸು ಮಳೆ ಬಂದರೂ ನಿಂತಿಲ್ಲ.

ಮೂರು ಸಲ ದೂರು ಕೊಟ್ಟೆ. ಮೂರು ಸಲವೂ ಫೋನಿನಲ್ಲಿ ಸಿಕ್ಕ ಉತ್ತರ ಒಂದೇ: "ಮೇಡಂ, ರೂಟರ್ ಆಫ್ ಮಾಡಿ ಆನ್ ಮಾಡಿ." ಮರುದಿನ "ನಿಮ್ಮ ದೂರು ಬಗೆಹರಿದಿದೆ" ಎಂದು ಮೆಸೇಜ್ ಬರುತ್ತದೆ. ಮನೆಗೆ ಯಾರೂ ಬಂದಿಲ್ಲ, ನನ್ನನ್ನು ಯಾರೂ ಕೇಳಿಲ್ಲ. ಅದಕ್ಕೆ ಈ ಸಲ ಎಲ್ಲವನ್ನೂ ಬರೆದಿಟ್ಟುಕೊಂಡು ಪತ್ರ ಬರೆಯುತ್ತಿದ್ದೇನೆ. ತೊಂದರೆ ನಮ್ಮ ಮನೆಯ ಒಳಗಿಲ್ಲ, ಹೊರಗಿನ ಲೈನಿನಲ್ಲಿದೆ ಎಂದು ರೂಟರಿನ ದೀಪಗಳೇ ಹೇಳುತ್ತಿವೆ. ದಯವಿಟ್ಟು ಅದನ್ನು ಸ್ವಲ್ಪ ಗಮನವಿಟ್ಟು ಓದಿ.

ಸಂಪರ್ಕ ಸರಿಯಿದ್ದಾಗ ಪವರ್, ಪಿಒಎನ್ ಮತ್ತು ಇಂಟರ್ನೆಟ್ ದೀಪಗಳು ಹಸಿರಾಗಿ ಅಲುಗಾಡದೆ ಉರಿಯುತ್ತವೆ. ಎಲ್‌ಒಎಸ್ ದೀಪ ಆರಿರುತ್ತದೆ. ಗಾಳಿ ಮಳೆ ಜಾಸ್ತಿಯಾದಾಗ ಮೊದಲು ಪಿಒಎನ್ ದೀಪ ಮಿಣುಕಲು ಶುರುವಾಗುತ್ತದೆ. ಒಂದೆರಡು ನಿಮಿಷದಲ್ಲಿ ಅದು ಆರಿ, ಎಲ್‌ಒಎಸ್ ಕೆಂಪಾಗಿ ಮಿಣುಕುತ್ತದೆ. ಅಂದರೆ ಫೈಬರ್‌ನಲ್ಲಿ ಬೆಳಕೇ ಬರುತ್ತಿಲ್ಲ, ಅಥವಾ ರೂಟರಿಗೆ ಸಾಲದಷ್ಟು ಬರುತ್ತಿದೆ ಎಂದು ಅರ್ಥ, ಅಲ್ವಾ? ಇಷ್ಟೆಲ್ಲ ಆಗುವಾಗಲೂ ವೈಫೈ ದೀಪ ಹಸಿರಾಗೇ ಇರುತ್ತದೆ. 31 ಸಲದಲ್ಲಿ 26 ಸಲ ಹೀಗೇ ಆಗಿದೆ. ಜಾಸ್ತಿ ಹೊತ್ತು ಹೋದ ದಿನಗಳು ಇವು:

ಜೂನ್ 27, ಬೆಳಿಗ್ಗೆ 7.40ರಿಂದ 9.25
ಜುಲೈ 3, ಮಧ್ಯಾಹ್ನ 2.10ರಿಂದ ಸಂಜೆ 6.30
ಜುಲೈ 8, ಬೆಳಿಗ್ಗೆ 10.15ರಿಂದ ಮಧ್ಯಾಹ್ನ 1.00, ಮತ್ತೆ ಸಂಜೆ 4.20ರಿಂದ 5.05
ಜುಲೈ 10, ರಾತ್ರಿ 8.50ರಿಂದ ಮರುದಿನ ಬೆಳಿಗ್ಗೆ 6ರವರೆಗೆ
ಜುಲೈ 11, ಸಂಜೆ 5.35ರಿಂದ ರಾತ್ರಿ 9.40

ಉಳಿದವು ಐದು ನಿಮಿಷದಿಂದ ಅರ್ಧ ಗಂಟೆಯವರೆಗಿನ ಕಡಿತಗಳು. ಪೂರ್ತಿ ಪಟ್ಟಿಯನ್ನೂ ದೀಪಗಳ ಫೋಟೋಗಳನ್ನೂ ಇದರ ಜೊತೆ ಇಟ್ಟಿದ್ದೇನೆ.

ಇನ್ನು ಐದು ಸಲ ಆಗಿದ್ದು ಬೇರೆ ಥರ. ಮಳೆ ಇರಲಿಲ್ಲ, ಎಲ್‌ಒಎಸ್ ಕೆಂಪಾಗಲಿಲ್ಲ, ಪಿಒಎನ್ ಹಸಿರಾಗೇ ಇತ್ತು. ಇಂಟರ್ನೆಟ್ ದೀಪ ಮಾತ್ರ ಆರಿತ್ತು. ಜುಲೈ 5, 9 ಮತ್ತು 12ರಂದು ರಾತ್ರಿ 9 ದಾಟಿದ ಕೂಡಲೇ ಹೀಗಾಗಿ, ಹತ್ತು ಹನ್ನೆರಡು ನಿಮಿಷದಲ್ಲಿ ತಾನಾಗೇ ಸರಿಹೋಯಿತು. ಇನ್ನೆರಡು ಸಲ ಜೂನ್ ಕೊನೆಯಲ್ಲಿ, ಅದೇ ಹೊತ್ತಿಗೆ. ಇದು ಕಂಬದ ತೊಂದರೆ ಇರಲಾರದು, ನಿಮ್ಮ ಆಫೀಸಿನ ಕಡೆ ಲಾಗಿನ್ ಸಿಗುತ್ತಿಲ್ಲ ಎಂದು ನನ್ನ ಅಂದಾಜು. ಎರಡನ್ನೂ ಒಂದೇ ಎಂದು ತಿಳಿದು, ಒಂದನ್ನು ಸರಿಮಾಡಿ ದೂರು ಮುಚ್ಚಬೇಡಿ.

ನಾನು ಮಾಡಿ ನೋಡಿದ್ದನ್ನೂ ಹೇಳುತ್ತೇನೆ, ಮತ್ತೆ ಅದನ್ನೇ ಮಾಡಿಸಬಾರದು ಎಂದು. ರೂಟರನ್ನು ಹತ್ತು ನಿಮಿಷ ಆಫ್ ಮಾಡಿಟ್ಟು ಆನ್ ಮಾಡಿದ್ದು ಲೆಕ್ಕವಿಲ್ಲದಷ್ಟು ಸಲ. ಜುಲೈ 3ರಂದು ನಿಮ್ಮ ಹುಡುಗ ಫೋನಿನಲ್ಲಿ ಹೇಳಿದಂತೆ ರೀಸೆಟ್ ಮಾಡಿ, ಯೂಸರ್ ನೇಮ್ ಪಾಸ್‌ವರ್ಡ್ ಮತ್ತೆ ಹಾಕಿದೆ. ವೈಫೈ ಬಿಟ್ಟು ಲ್ಯಾಪ್‌ಟಾಪಿಗೆ ನೇರವಾಗಿ ಲ್ಯಾನ್ ಕೇಬಲ್ ಹಾಕಿದೆ. ಕರೆಂಟಿನ ಏರಿಳಿತ ಇರಬಹುದೆಂದು ರೂಟರನ್ನು ಇನ್ವರ್ಟರಿಗೆ ಹಾಕಿದೆ. ಗೋಡೆಯ ಬಳಿ ಹಳದಿ ಫೈಬರ್ ಎಲ್ಲೂ ಮಡಚಿಕೊಂಡಿಲ್ಲ ಎಂದು ನೋಡಿದೆ. ಅದರ ಹಸಿರು ಕನೆಕ್ಟರ್ ಅನ್ನು ಮಾತ್ರ ನಾನು ಬಿಚ್ಚಿಲ್ಲ, ಧೂಳು ಹೊಕ್ಕರೆ ಇನ್ನೊಂದು ತೊಂದರೆ ಆದೀತೆಂದು. ಜುಲೈ 8ರಂದು ಲ್ಯಾನ್ ಕೇಬಲ್ ಹಾಕಿ ನೋಡಿದಾಗ ಬಂದ ಉತ್ತರ ಇದು:

```
ping 192.168.1.1
Reply from 192.168.1.1: bytes=32 time<1ms TTL=64

ping 8.8.8.8
Request timed out.
```

ಲ್ಯಾಪ್‌ಟಾಪಿನಿಂದ ರೂಟರಿನವರೆಗೆ ದಾರಿ ಸರಿಯಿದೆ. ಆಚೆಗೆ ಇಲ್ಲ.

ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ನವೆಂಬರ್‌ನಲ್ಲಿ ಸಂಪರ್ಕ ಕೊಟ್ಟ ದಿನ ನಿಮ್ಮ ಟೆಕ್ನಿಷಿಯನ್ ಮೀಟರ್ ಹಿಡಿದು -19.8 ಡಿಬಿಎಂ ಬರುತ್ತಿದೆ ಎಂದು ತೋರಿಸಿದ್ದರು. ಅದನ್ನು ರೂಟರಿನ ಡಬ್ಬದ ಮೇಲೆ ಬರೆದಿಟ್ಟಿದ್ದೆ. ಈಗ ರೂಟರಿನ ಪೇಜಿನಲ್ಲಿ `Rx Power` ಎಂಬಲ್ಲಿ ನೋಡಿದರೆ, ಜುಲೈ 9ರ ಮಧ್ಯಾಹ್ನ ಗಾಳಿ ಇಲ್ಲದಾಗ -23.1 ಇತ್ತು. ಜುಲೈ 10ರ ರಾತ್ರಿ, ದೀಪ ಕೆಂಪಾಗುವ ಸ್ವಲ್ಪ ಮುಂಚೆ, -29.4. ಅಂದರೆ ಮೊದಲು ಬರುತ್ತಿದ್ದ ಬೆಳಕಿನಲ್ಲಿ ಹೆಚ್ಚುಕಡಿಮೆ ಒಂಬತ್ತನೇ ಒಂದು ಪಾಲು ಮಾತ್ರ ಬರುತ್ತಿದೆ. ಇದನ್ನು ರೂಟರ್ ಆಫ್ ಮಾಡಿ ಆನ್ ಮಾಡಿ ಸರಿಮಾಡಲು ಆಗುವುದಿಲ್ಲ.

ನಿಮ್ಮ ಕೇಬಲ್ ರಸ್ತೆ ಬದಿಯ ಕಂಬದಿಂದ ನಮ್ಮ ಮನೆಗೆ ಬರುವಾಗ ಒಂದು ಹಲಸಿನ ಮರದ ಕೊಂಬೆಗೆ ತಾಗಿಕೊಂಡು ಬರುತ್ತದೆ. ಗಾಳಿ ಬಂದಾಗ ಕೊಂಬೆ ಅದನ್ನು ಎಳೆಯುವುದು ಕಿಟಕಿಯಿಂದಲೇ ಕಾಣುತ್ತದೆ. ಕಂಬದ ಮೇಲಿನ ಪೆಟ್ಟಿಗೆಯ ಮುಚ್ಚಳವೂ ಒಂದು ಬದಿ ಬಾಯಿ ಬಿಟ್ಟಿದೆ. ಒಳಗೆ ನೀರು ಹೋಗಿದೆಯೋ ಏನೋ, ನಿಮ್ಮವರು ಹತ್ತಿ ನೋಡಿದರೆ ಗೊತ್ತಾಗುತ್ತದೆ.

ಇದು ಸುಮ್ನೆ ಸಿನಿಮಾ ನೋಡಲು ಬೇಕಾದ ಸಂಪರ್ಕ ಅಲ್ಲ. ನಾನು ಸಾಗರದ ಹನ್ನೆರಡು ಅಂಗಡಿಗಳ ಜಿಎಸ್‌ಟಿ ಲೆಕ್ಕ ನೋಡಿಕೊಳ್ಳುತ್ತೇನೆ. ಜುಲೈ 11 ಜಿಎಸ್‌ಟಿಆರ್-1 ಸಲ್ಲಿಸಲು ಕೊನೆಯ ದಿನ. ಸಂಜೆ ಒಬ್ಬರಿಗೆ ಒಟಿಪಿ ಬಂದು, ನಾನು ಅದನ್ನು ಹಾಕುವ ಹೊತ್ತಿಗೆ ಸಂಪರ್ಕ ಹೋಯಿತು. ಮೊಬೈಲ್ ಸಿಗ್ನಲ್ ನಮ್ಮ ಮನೆಯೊಳಗೆ ಸಿಗುವುದಿಲ್ಲ. ಮಳೆಯಲ್ಲಿ ಲ್ಯಾಪ್‌ಟಾಪ್ ಕಟ್ಟಿಕೊಂಡು ಪೇಟೆಯಲ್ಲಿರುವ ಅಣ್ಣನ ಮನೆಗೆ ಹೋಗಿ ಉಳಿದ ನಾಲ್ಕು ಸಲ್ಲಿಸಿದೆ. ತಡವಾಗಿದ್ದರೆ ದಂಡ ಬೀಳುತ್ತಿದ್ದುದು ನನ್ನನ್ನು ನಂಬಿದ ಅಂಗಡಿಯವರಿಗೆ. ಇದೇ 20ನೇ ತಾರೀಕು ಜಿಎಸ್‌ಟಿಆರ್-3ಬಿ ಸಲ್ಲಿಸಬೇಕು. ನನಗೆ ಈಗಲೇ ಭಯವಾಗುತ್ತಿದೆ.

ಹಾಗಾಗಿ ಜುಲೈ 17ರ ಒಳಗೆ ಪವರ್ ಮೀಟರ್ ಮತ್ತು ಫೈಬರ್ ಜೋಡಿಸುವ ಮೆಷಿನ್ ಇರುವ ಟೆಕ್ನಿಷಿಯನ್ ಒಬ್ಬರನ್ನು ಕಳಿಸಿಕೊಡಿ. ಕಂಬದ ಪೆಟ್ಟಿಗೆಯಲ್ಲೂ ನಮ್ಮ ಮನೆಯಲ್ಲೂ ಅಳತೆ ತೆಗೆದು ನನಗೆ ತೋರಿಸಲಿ. ಬೇಕಿದ್ದರೆ ಕೇಬಲ್ ಬದಲಿಸಿ, ಮರಕ್ಕೆ ತಾಗದಂತೆ ಎಳೆಯಲಿ. ರಾತ್ರಿ 9ರ ಕಡಿತಕ್ಕೆ ನಿಮ್ಮ ಕಡೆಯ ಲಾಗ್ ನೋಡಿ ಕಾರಣ ತಿಳಿಸಿ. ಸೇವೆ ಸಿಗದ ದಿನಗಳಷ್ಟು ನನ್ನ ಪ್ಲಾನಿನ ಅವಧಿ ಮುಂದಕ್ಕೆ ಹಾಕಿಕೊಡಿ. ನಾನು ಸರಿಯಾಗಿದೆ ಎಂದು ಹೇಳುವವರೆಗೆ ದೂರನ್ನು ಮುಚ್ಚಬೇಡಿ, ಈ ಪತ್ರಕ್ಕೆ ಹೊಸ ದೂರು ಸಂಖ್ಯೆ ಕೊಡಿ. 17ರೊಳಗೆ ಯಾರೂ ಬರದಿದ್ದರೆ, ಟ್ರಾಯ್‌ನ 2012ರ ನಿಯಮಗಳ ಪ್ರಕಾರ ನಿಮ್ಮ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಇದೇ ದಾಖಲೆಗಳನ್ನು ಕಳಿಸುತ್ತೇನೆ. 1915ಕ್ಕೂ ಫೋನ್ ಮಾಡುತ್ತೇನೆ.

ಬೆಳಿಗ್ಗೆ 9ರಿಂದ ಸಂಜೆ 6ರವರೆಗೆ ನಾನು ಮನೆಯಲ್ಲೇ ಇರುತ್ತೇನೆ. ಉದ್ದದ ಏಣಿ ನಮ್ಮಲ್ಲಿದೆ. ಹಲಸಿನ ಕೊಂಬೆ ಕಡಿಯಬೇಕೆಂದರೆ ನಮ್ಮ ಒಪ್ಪಿಗೆ ಇದೆ, ಆಳನ್ನೂ ಕರೆಸಿಕೊಡುತ್ತೇವೆ. ಬರುವ ಮುಂಚೆ ನಿಮ್ಮಲ್ಲಿರುವ ನನ್ನ ನಂಬರಿಗೆ ಒಂದು ಫೋನ್ ಮಾಡಿಸಿ, ಸಿಗದಿದ್ದರೆ ಗೇಟಿನ ಹತ್ತಿರ ಬಂದು ಕರೆದರೆ ಸಾಕು.

ಇಂತಿ,
ವಿಜಯಾ

ಲಗತ್ತು: 31 ಕಡಿತಗಳ ಪಟ್ಟಿ, ರೂಟರ್ ದೀಪಗಳ 9 ಫೋಟೋ, `Rx Power` ಪೇಜಿನ 2 ಫೋಟೋ, ಹಣ ಕಟ್ಟಿದ ರಸೀದಿ